ವರುಣನಿಗೆ ಸ್ವಲ್ಪ ಬಿಡುವು ಕೊಡಿ

ಜೂನ್ ಮೊದಲ ವಾರ ಮುಂಗಾರು ಕರಾವಳಿಗೆ ಕಾಲಿಡುವ ಹೊತ್ತಿಗೆ ಫೋನುಗಳಲ್ಲಿ ಮಳೆಯ ಫೋಟೊಗಳೂ ಸುರಿಯತೊಡಗುತ್ತವೆ. ಅವುಗಳ ಕೆಳಗೆ ‘ಇಳೆಗೆ ವರುಣನ ಸಿಂಚನ’, ‘ಹಸಿರುಟ್ಟ ಭೂತಾಯಿ’, ‘ಹಾಲ್ನೊರೆಯ ಬೆಡಗು’. ಕಳೆದ ವರ್ಷವೂ ಇವೇ ಇದ್ದವು. ಹಳೆಯದಾಯಿತು ಎಂಬುದು ನನ್ನ ತಕರಾರಲ್ಲ. ‘ಇಳೆಗೆ ವರುಣನ ಸಿಂಚನ’ ಎಂಬ ಸಾಲನ್ನು ಆಗುಂಬೆಯ ಫೋಟೊಕ್ಕೂ ಅಂಟಿಸಬಹುದು, ಚಳ್ಳಕೆರೆಯ ಫೋಟೊಕ್ಕೂ ಅಂಟಿಸಬಹುದು. ಮೊದಲನೆಯದರಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ, ಎರಡನೆಯದು ರಾಜ್ಯದ ಅತಿ ಒಣ ತಾಲ್ಲೂಕುಗಳಲ್ಲೊಂದು. ಎರಡಕ್ಕೂ ಹೊಂದುವ ಸಾಲು ಎರಡನ್ನೂ ನೋಡಿಲ್ಲ ಎಂದೇ ಅರ್ಥ. ಯಾವ ಶೀರ್ಷಿಕೆಯನ್ನಾದರೂ ಹೀಗೆ ಪರೀಕ್ಷಿಸಬಹುದು: ಅದನ್ನು ಎತ್ತಿ ಇನ್ನೊಂದು ಮಳೆಚಿತ್ರದ ಕೆಳಗಿಡಿ. ಅಲ್ಲೂ ಆರಾಮಾಗಿ ಕೂತರೆ ಅಳಿಸಿಬಿಡಿ.

ಒಂದು ಚಿತ್ರವನ್ನೇ ಹಿಡಿದು ನೋಡೋಣ. ತೀರ್ಥಹಳ್ಳಿ ಕಡೆಯ ಒಂದು ಹಂಚಿನ ಮನೆ, ಜುಲೈ ಮೊದಲ ವಾರ. ಸೂರಿನಂಚಿನಿಂದ ನೀರು ಒಂದೇ ಸಮನೆ ಇಳಿಯುತ್ತಿದೆ. ಕೆಳಗೆ ಸಾಲಾಗಿ ಕೊಡಪಾನ, ಬಕೆಟ್ಟು, ಕೊನೆಗೊಂದು ಹಿತ್ತಾಳೆ ಚೆಂಬು. ಜಗಲಿಯ ಕಂಬಕ್ಕೆ ಬಾವಿಯ ಹಗ್ಗ ಸುತ್ತಿ ನೇತುಹಾಕಿದ್ದಾರೆ.

ಕೈ ಮೊದಲು ಬರೆಯುವುದು ‘ಮುತ್ತಿನ ಹನಿಗಳ ಸಾಲು’ ಎಂದು. ಚಿತ್ರದಲ್ಲಿ ಹನಿಯೇ ಇಲ್ಲ, ದಾರದಂತೆ ಇಳಿಯುವ ನೀರಿದೆ. ಹನಿ ಎಂಬುದು ಅಭ್ಯಾಸದಿಂದ ಬಂತು, ಕಣ್ಣಿನಿಂದಲ್ಲ. ಸರಿ, ಹೊಸತೇನಾದರೂ ಹೇಳಬೇಕೆಂದು ಹಟಕ್ಕೆ ಬಿದ್ದರೆ ‘ಹಂಚಿನ ಮೇಲೆ ಮೋಡ ಬರೆದ ಪ್ರೇಮಪತ್ರ’ ಎಂದಾಗುತ್ತದೆ. ಇದು ಮೊದಲಿನದಕ್ಕಿಂತ ಕೆಟ್ಟದ್ದು. ಅಲ್ಲಿ ಬರೀ ಸೋಮಾರಿತನವಿತ್ತು, ಇಲ್ಲಿ ಜಂಬವೂ ಸೇರಿತು. ಚಿತ್ರದಲ್ಲಿ ಪತ್ರವೂ ಇಲ್ಲ, ಪ್ರೇಮವೂ ಇಲ್ಲ.

ಮತ್ತೆ ಚಿತ್ರಕ್ಕೇ ಮರಳಬೇಕು. ಸುರಿಯುವ ನೀರನ್ನು ಯಾರಾದರೂ ನೋಡುತ್ತಾರೆ. ಓದುಗರ ಕಣ್ಣು ತಪ್ಪಿಸುವುದು ಕಂಬದ ಮೇಲಿನ ಹಗ್ಗ. ಸೂರಿನ ನೀರೇ ಪಾತ್ರೆ ತುಂಬುತ್ತಿರುವಾಗ ಬಾವಿಗೆ ಹೋಗುವವರು ಯಾರು? ‘ಬಾವಿ ಹಗ್ಗಕ್ಕೆ ರಜೆ’ ಎಂದು ಬರೆದರೆ ಮೂರೇ ಪದ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಆ ವಾರಗಳಲ್ಲಿ ಮಕ್ಕಳೆಲ್ಲ ಬೆಳಿಗ್ಗೆ ಎದ್ದು ಕೇಳುವುದು ಡಿಸಿ ರಜೆ ಕೊಟ್ಟರಾ ಎಂದೇ. ಆ ಮಾತಿನ ಸುಳಿವೂ ಸಾಲಿನೊಳಗೆ ಬಂತು. ಕೆಳಗೆ ‘ತೀರ್ಥಹಳ್ಳಿ, ಆರಿದ್ರಾ ಮಳೆ’ ಎಂದು ಸೇರಿಸಿದರೆ ಕಾಲವೂ ಗೊತ್ತಾಯಿತು. ಆರಿದ್ರಾ ಹುಟ್ಟುವುದು ಜೂನ್ 22ರ ಆಸುಪಾಸು, ಇರುವುದು ಎರಡು ವಾರ. ಆದರೆ ಫೋಟೊ ಕತ್ತರಿಸುವಾಗ ಹಗ್ಗ ಹೋಯಿತೋ, ಈ ಶೀರ್ಷಿಕೆಯೂ ಹೋಯಿತು. ಅದು ಆ ಒಂದು ಚಿತ್ರಕ್ಕೆ ಮಾತ್ರ ಸೇರಿದ್ದು.

ಚಿತ್ರದಲ್ಲಿ ಕಾಣದ್ದನ್ನು ಹೇಳಬಾರದು ಎಂದೇನಿಲ್ಲ. ವಾಸನೆ, ಸದ್ದು ಫೋಟೊದಲ್ಲಿ ಬರುವುದಿಲ್ಲವಾದ್ದರಿಂದ ಮಾತಿಗೆ ಅಲ್ಲಿ ನಿಜವಾದ ಕೆಲಸವಿದೆ. ಹೇಳಿದ್ದು ನಿಜವಾಗಿರಬೇಕು, ಅಷ್ಟೆ. ‘ಮಣ್ಣಿನ ಘಮ’ವನ್ನೇ ತೆಗೆದುಕೊಳ್ಳಿ. ಬಿಸಿಲಿಗೆ ಕಾದು ಒಣಗಿದ ನೆಲಕ್ಕೆ ಹನಿ ಬಿದ್ದಾಗ ಮಣ್ಣಿನ ಸೂಕ್ಷ್ಮಜೀವಿಗಳು ಮಾಡಿದ ಜಿಯೋಸ್ಮಿನ್ ಎಂಬ ವಸ್ತು ಗಾಳಿಗೆ ಸೇರುತ್ತದೆ. ಘಮ ಮುಖ್ಯವಾಗಿ ಅದರದ್ದು. ಏಪ್ರಿಲ್‌ನಲ್ಲಿ ಬಯಲುಸೀಮೆಯ ಹೊಲಕ್ಕೆ ಬಿದ್ದ ಮೊದಲ ಮಳೆಗೆ ಆ ಮಾತು ಒಪ್ಪುತ್ತದೆ. ತಿಂಗಳಿಂದ ನೆನೆದ ಜುಲೈ ಮಲೆನಾಡಿನಲ್ಲಿ ಆ ಘಮ ಎಲ್ಲಿಂದ ಬರಬೇಕು? ಅಲ್ಲಿರುವುದು ಒದ್ದೆ ಕಂಬಳಿಯ ವಾಸನೆ, ಒಲೆಯ ಮೇಲೆ ಒಣಹಾಕಿದ ಬಟ್ಟೆಗೆ ಹಿಡಿದ ಹೊಗೆಯ ವಾಸನೆ. ಆ ಊರಿನವರಿಗೆ ಇದು ತಿಳಿದೇ ಇದೆ, ಬರೆಯುವಾಗ ಮಾತ್ರ ಯಾಕೋ ಮರೆಯುತ್ತಾರೆ. ಏಪ್ರಿಲ್‌ನ ಗುಡುಗು ಮಳೆಗೆ ‘ಮುಂಗಾರಿನ ಮೊದಲ ಹನಿ’ ಎಂದು ಬರೆಯುವುದೂ ಇಂಥದ್ದೇ ತಪ್ಪು. ಮುಂಗಾರಿಗೆ ಆಗ ಇನ್ನೂ ತಿಂಗಳಿಗೂ ಹೆಚ್ಚು ಕಾಲವಿರುತ್ತದೆ.

ಇನ್ನು ಹಾನಿಯ ಚಿತ್ರಗಳು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ತೆಗೆದ ಫೋಟೊಗಳಿಗೆ ರೂಪಕವೇ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರ್ ಏರಿ ಮನೆಯಿಂದ ಹೊರಬಂದ ಚಿತ್ರಗಳಿಗೂ ಅಷ್ಟೆ. ಅಂಥವಕ್ಕೆ ‘ವರುಣನ ಆರ್ಭಟಕ್ಕೆ ತತ್ತರಿಸಿದ ನಗರಿ’ ಎಂದು ಬರೆದರೆ ಮುಚ್ಚಿದ ರಾಜಕಾಲುವೆ, ಒತ್ತುವರಿಯಾದ ಕೆರೆಯಂಗಳ ಎಲ್ಲ ಪಕ್ಕಕ್ಕೆ ಸರಿದು ತಪ್ಪು ದೇವರ ತಲೆಗೆ ಹೋಗುತ್ತದೆ. ಊರು, ಬೀದಿ, ದಿನ, ನೀರು ಎಲ್ಲಿಯವರೆಗೆ ಏರಿತ್ತು ಎಂಬುದಷ್ಟನ್ನು ಬರೆಯಿರಿ. ವರುಣನ ಹೆಸರು ಅಲ್ಲಿ ಖಂಡಿತ ಬೇಡ.