ಬಣ್ಣ ಕಚ್ಚಿದ ಫ್ಯಾನ್ ಬಿಚ್ಚುವುದು

ಮನೆಗೆ ಬಣ್ಣ ಹೊಡೆಯುವವರು ಫ್ಯಾನ್ ಇಳಿಸುವ ಗೋಜಿಗೆ ಹೋಗುವುದು ಕಡಿಮೆ. ಸೀಲಿಂಗ್‌ಗೆ ರೋಲರ್ ಓಡಿಸುವಾಗ ರಾಡಿನ ತುದಿಯ ಕಪ್‌ಗೂ ಒಂದು ಕೈ ಬಳಿದುಬಿಡುತ್ತಾರೆ. ಎರಡು ಮೂರು ಸಲ ಹೀಗಾದರೆ ಕಪ್ ಮತ್ತು ಸೀಲಿಂಗ್ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ. ಮುಂದೆ ಹುಕ್ಕಿನ ಬಳಿಯ ರಬ್ಬರ್ ಬುಷ್ ಸವೆದು ಫ್ಯಾನ್ ಕಿರಗುಟ್ಟತೊಡಗಿದಾಗ ಆ ಕಪ್ ಜಾರುವುದೇ ಇಲ್ಲ.

ಜನ ಮೊದಲು ಮಾಡುವ ಕೆಲಸ ಜಗ್ಗುವುದು. ಅದು ಬೇಡ. ಕಪ್ ಫ್ಯಾನಿನ ಭಾರ ಹೊರುವುದಿಲ್ಲ, ಹುಕ್ಕು ಮತ್ತು ವೈರಿನ ಜೋಡಣೆಯನ್ನು ಮುಚ್ಚುವುದಷ್ಟೇ ಅದರ ಕೆಲಸ. ಅದನ್ನು ಹಿಡಿದಿರುವುದು ಬಣ್ಣದ ಪದರ, ಜತೆಗೆ ಹಲವು ಫ್ಯಾನ್‌ಗಳಲ್ಲಿ ಬಣ್ಣದಡಿ ಅಡಗಿದ ಒಂದು ಪುಟ್ಟ ಸ್ಕ್ರೂ. ಜಗ್ಗಿದರೆ ಪ್ಲಾಸ್ಟಿಕ್ ಕಪ್ ಸೀಳುತ್ತದೆ, ಸೀಲಿಂಗಿನ ಪುಟ್ಟಿ ಹೆಕ್ಕಳಿಕೆಯಾಗಿ ಏಳುತ್ತದೆ.

ಏಣಿ ಹತ್ತುವ ಮುನ್ನ ಎಂಸಿಬಿ ಇಳಿಸಿ. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಹಳೆಯ ವೈರಿಂಗ್‌ನಲ್ಲಿ ಸ್ವಿಚ್ಚು ನ್ಯೂಟ್ರಲ್ ತಂತಿಯ ಮೇಲಿದ್ದರೆ ಫ್ಯಾನಿನಲ್ಲಿ ಕರೆಂಟ್ ಉಳಿದೇ ಇರುತ್ತದೆ.

ಈಗ ಕಪ್‌ನ ಕುತ್ತಿಗೆಯ ಸುತ್ತ ಉಗುರು ಆಡಿಸಿ. ಸ್ಕ್ರೂ ಇದ್ದಲ್ಲಿ ಸಣ್ಣ ಗುಳಿಯೋ ಉಬ್ಬೋ ತಾಗುತ್ತದೆ. ದಬ್ಬಣದ ಮೊನೆಯಿಂದ ಅದರ ಗಾಡಿಯೊಳಗಿನ ಬಣ್ಣವನ್ನು ತಳ ಕಾಣುವವರೆಗೆ ಕೆರೆದು ತೆಗೆಯಿರಿ. ಅಗಲಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು, ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೆ ತಿರುಗಿಸಿ. ಚಟ್ ಎಂದು ಬಣ್ಣ ಬಿರಿದ ಮೇಲೆ ಸಡಿಲಿಸಿ. ತುಕ್ಕು ಬಿಡಿಸುವ ಎಣ್ಣೆ ಹಾಕುವುದಾದರೂ ಬಣ್ಣ ಕೆರೆದ ಮೇಲೆಯೇ, ಪದರದ ಮೇಲೆ ಸುರಿದರೆ ಒಳಗಿಳಿಯದು.

ಉಳಿದದ್ದು ಅಂಚು. ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಬಿಳಿ ಹತ್ತಿದರೆ ಡಿಸ್ಟೆಂಪರ್, ಬಿಸಿನೀರಿನ ಬಟ್ಟೆ ಒತ್ತಿದರೆ ಮೆತ್ತಗಾಗುತ್ತದೆ. ಹತ್ತದಿದ್ದರೆ ಎಮಲ್ಷನ್ನೋ ಎನಾಮಲ್ಲೋ; ಕಟರ್ ಬ್ಲೇಡನ್ನು ಕಪ್‌ಗೆ ಒರಗಿಸಿ ಸುತ್ತಲೂ ಹಗುರವಾಗಿ ಮೂರ್ನಾಲ್ಕು ಸಲ ಗೀರಬೇಕು. ಥಿನ್ನರ್ ಆಸೆ ಬಿಡಿ, ಪ್ಲಾಸ್ಟಿಕ್ ಕರಗೀತು. ಗೀರಿದ ಮೇಲೆ ಕಪ್ಪನ್ನು ಅತ್ತಿತ್ತ ಹೊರಳಿಸಿದರೆ ಬಿಟ್ಟುಕೊಳ್ಳುತ್ತದೆ.

ರೆಕ್ಕೆಯ ಬ್ರ್ಯಾಕೆಟ್ ಅಂಟಿದ್ದರೂ ದಾರಿ ಇದೇ: ಸ್ಕ್ರೂ ತಲೆ ಬಿಡಿಸಿ, ಬ್ರ್ಯಾಕೆಟ್ ಮೋಟರ್‌ಗೆ ಕೂಡುವ ಗೆರೆಯನ್ನು ಗೀರಿ. ಆದರೆ ಸ್ಕ್ರೂ ತೆಗೆದ ಮೇಲೂ ಬಿಡದಿದ್ದರೆ ರೆಕ್ಕೆಯನ್ನು ಸನ್ನೆಕೋಲಿನಂತೆ ಕೆಳಗೆ ಒತ್ತಬಾರದು. ಬ್ರ್ಯಾಕೆಟ್ ಬಾಗುವುದು ಕಣ್ಣಿಗೆ ಕಾಣುವುದಿಲ್ಲ, ಫ್ಯಾನ್ ಓಲಾಡುವಾಗ ಗೊತ್ತಾಗುತ್ತದೆ. ಸ್ಕ್ರೂಡ್ರೈವರ್ ಹಿಡಿಯಿಂದ ಬ್ರ್ಯಾಕೆಟ್ಟಿನ ಬುಡಕ್ಕೆ ಮೆಲ್ಲಗೆ ತಟ್ಟಿದರೆ ಸಾಕು. ಬಿಚ್ಚುವ ಮೊದಲೇ ರೆಕ್ಕೆಗಳಿಗೂ ಅವುಗಳ ಜಾಗಕ್ಕೂ 1, 2, 3 ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳಿ. ಮರಳಿ ಜೋಡಿಸಿದ ಮೇಲೆ ಸೀಲಿಂಗಿನ ಒಂದೇ ಜಾಗದ ಕೆಳಗೆ ಒಂದೊಂದೇ ರೆಕ್ಕೆ ತಂದು, ತುದಿಯಿಂದ ಸೀಲಿಂಗ್‌ವರೆಗಿನ ದೂರ ಅಳೆಯಿರಿ. ಯಾವುದರಲ್ಲಿ ವ್ಯತ್ಯಾಸವಿದೆಯೋ ಅದರ ಬ್ರ್ಯಾಕೆಟ್ ಬಾಗಿದೆ.

ಕಪ್ ಕೂರಿಸುವಾಗ ಸೀಲಿಂಗ್‌ನಿಂದ 3 ಮಿಲಿಮೀಟರ್‌ನಷ್ಟು ಕೆಳಗೇ ಸ್ಕ್ರೂ ಬಿಗಿಯಿರಿ. ಮುಂದಿನ ಸಲ ಬಣ್ಣದವರು ಬಂದಾಗ ಕಪ್‌ಗೆ ಪೇಪರ್ ಟೇಪ್ ಸುತ್ತಿಸಿ.