ಅರ್ಧ ನೋಡಿ ಬಿಟ್ಟ ವಿಡಿಯೋದ ಕೆಂಪು ಗೆರೆ

ಯೂಟ್ಯೂಬಿನಲ್ಲಿ ಅರ್ಧಕ್ಕೆ ನಿಲ್ಲಿಸಿದ ವಿಡಿಯೋದ ಥಂಬ್‌ನೇಲಿನ ತಳದಲ್ಲಿ ಕಾಣುವ ಕೆಂಪು ಗೆರೆ ಆ ಚಿತ್ರದ ಭಾಗವಲ್ಲ. ಥಂಬ್‌ನೇಲ್ ಒಂದು ಸಾಮಾನ್ಯ ಚಿತ್ರ. ಗೆರೆ ಮಾತ್ರ ನೋಡುಗರೊಬ್ಬರಿಗೂ ಇನ್ನೊಬ್ಬರಿಗೂ ಬೇರೆ, ಹೆಚ್ಚಿನವರಿಗೆ ಇಲ್ಲವೇ ಇಲ್ಲ. ಅದನ್ನು ಎಳೆಯುವುದು ನೋಡುಗರ ಫೋನು ಅಥವಾ ಬ್ರೌಸರು. ಎಷ್ಟು ಉದ್ದ ಎಳೆಯಬೇಕು ಎಂಬುದನ್ನು ಹೇಳುವುದು ಯೂಟ್ಯೂಬಿನ ಸರ್ವರ್. ಆ ಸರ್ವರಿಗಾದರೂ ವಿಷಯ ತಿಳಿಯುವುದು ವಿಡಿಯೋ ಓಡುತ್ತಿರುವಾಗ ಪ್ಲೇಯರ್ ಕಳಿಸುತ್ತಿರುವ ಸಣ್ಣ ಸಣ್ಣ ವರದಿಗಳಿಂದ.

ಒಂದು ಉದಾಹರಣೆ ಹಿಡಿದು ಹೋದರೆ ವಿಷಯ ಸುಲಭ. 50 ನಿಮಿಷದ, ಅಂದರೆ 3000 ಸೆಕೆಂಡಿನ ಒಂದು ಯಕ್ಷಗಾನದ ವಿಡಿಯೋವನ್ನು ಒಬ್ಬರು ಬಸ್ಸಿನಲ್ಲಿ ಕೂತು ಫೋನಿನಲ್ಲಿ ನೋಡತೊಡಗುತ್ತಾರೆ ಎಂದುಕೊಳ್ಳೋಣ. ಪ್ಲೇ ಒತ್ತಿದೊಡನೆ ಆ ಒಂದು ವೀಕ್ಷಣೆಗೆಂದೇ ಪ್ಲೇಯರ್ ಒಂದು ಗುರುತಿನ ಸಂಖ್ಯೆಯನ್ನು ಹುಟ್ಟಿಸಿಕೊಳ್ಳುತ್ತದೆ. ಬಳಿಕ ವರದಿಗಳು ಶುರು. ಅವು ಪ್ರತಿ ಸೆಕೆಂಡಿಗೊಂದರಂತೆ ಹೋಗುವುದಿಲ್ಲ. ಹಾಗೆ ಹೋದರೆ ಈ ಒಂದೇ ವಿಡಿಯೋಗೆ 3000 ವರದಿಗಳಾಗುತ್ತವೆ. ಯೂಟ್ಯೂಬಿನ ವೆಬ್ ಪ್ಲೇಯರ್ ಬಹುಕಾಲದಿಂದ ಪಾಲಿಸಿಕೊಂಡು ಬಂದ ವೇಳಾಪಟ್ಟಿಯಲ್ಲಿ ಮೊದಲ ಮೂರು ವರದಿಗಳು 10, 20 ಮತ್ತು 30ನೇ ಸೆಕೆಂಡಿಗೆ, ಆಮೇಲಿನವು 40 ಸೆಕೆಂಡಿಗೊಮ್ಮೆ. ಈ ಲೆಕ್ಕದಲ್ಲಿ ಪೂರ್ತಿ ಪ್ರಸಂಗ ಮುಗಿಯುವಷ್ಟರಲ್ಲಿ ಹೋಗುವುದು ಎಂಬತ್ತರ ಒಳಗೆ. ಆರಂಭದಲ್ಲಿ ಬೇಗ ಬೇಗ ವರದಿ ಬೇಕಾಗುವುದಕ್ಕೆ ಕಾರಣ ಸರಳ: ಬಹಳ ಜನ ವಿಡಿಯೋವನ್ನು ಕೈಬಿಡುವುದು ಮೊದಲ ಅರೆನಿಮಿಷದಲ್ಲೇ.

ನಮ್ಮ ಪ್ರಯಾಣಿಕರು 21ನೇ ನಿಮಿಷಕ್ಕೆ, ಅಂದರೆ 1260ನೇ ಸೆಕೆಂಡಿಗೆ, ತಮ್ಮ ನಿಲ್ದಾಣ ಬಂತೆಂದು ವಿಡಿಯೋ ನಿಲ್ಲಿಸುತ್ತಾರೆ. ವೇಳಾಪಟ್ಟಿಯ ಪ್ರಕಾರ ಕೊನೆಯ ವರದಿ 1230ನೇ ಸೆಕೆಂಡಿಗೇ ಹೋಗಿರುತ್ತದೆ, ಮುಂದಿನದು 1270ಕ್ಕೆ ಬರಬೇಕು. ಆದರೆ ನಿಲ್ಲಿಸಿದಾಗ ಪ್ಲೇಯರ್ ವೇಳೆಗೆ ಕಾಯದೆ ಇನ್ನೊಂದು ವರದಿ ಕಳಿಸುತ್ತದೆ. ಅದರ ಮುಖ್ಯ ಭಾಗ ಹೀಗಿರುತ್ತದೆ:

```
docid=VIDEO_ID&st=1230&et=1260&cmt=1260&len=3000
```

`docid` ಯಾವ ವಿಡಿಯೋ ಎಂಬುದು. `st` ಮತ್ತು `et` ಈ ಬಾರಿ ನೋಡಿದ ತುಂಡಿನ ಮೊದಲು ಮತ್ತು ಕೊನೆ. `cmt` ಈಗಿರುವ ಜಾಗ, `len` ಒಟ್ಟು ಉದ್ದ. ನೋಡಿದ ತುಂಡುಗಳ ಲೆಕ್ಕ ಯೂಟ್ಯೂಬಿಗೆ ಬೇಕಾಗಿರುವುದು ಮುಖ್ಯವಾಗಿ ಚಾನೆಲ್ ನಡೆಸುವವರಿಗೆ ವೀಕ್ಷಣಾ ಅವಧಿ ತೋರಿಸಲು. ಕೆಂಪು ಗೆರೆ ಆ ದೊಡ್ಡ ಲೆಕ್ಕಪತ್ರದ ಪಕ್ಕದಲ್ಲಿ ಸಿಕ್ಕ ಲಾಭ ಎಂದರೂ ತಪ್ಪಿಲ್ಲ.

ಫೋನ್ ಗೂಗಲ್ ಖಾತೆಗೆ ಸೈನ್ ಇನ್ ಆಗಿರುವುದರಿಂದ ಈ ವರದಿ ಯಾರದೆಂಬುದು ಸರ್ವರಿಗೆ ಗೊತ್ತು. ಅದು ಆ ಖಾತೆ ಮತ್ತು ಆ ವಿಡಿಯೋ ಎರಡನ್ನೂ ಸೇರಿಸಿದ ಒಂದು ದಾಖಲೆಯಲ್ಲಿ 1260 ಎಂದು ಬರೆದುಕೊಳ್ಳುತ್ತದೆ. ಗಮನಿಸಬೇಕಾದದ್ದು ಇಲ್ಲಿದೆ: ನೆನಪು ಉಳಿಯುವುದು ಖಾತೆಯಲ್ಲಿ, ಉಪಕರಣದಲ್ಲಿ ಅಲ್ಲ. ಫೋನು ಲ್ಯಾಪ್‌ಟಾಪಿಗೆ ನೇರವಾಗಿ ಏನನ್ನೂ ಹೇಳುವುದಿಲ್ಲ. ಎರಡೂ ಒಂದೇ ಖಾತೆಯ ಮೂಲಕ ಸರ್ವರನ್ನು ಕೇಳುತ್ತವೆ, ಅಷ್ಟೇ. ಸೈನ್ ಇನ್ ಆಗದೆ ನೋಡಿದ್ದು ಹೆಚ್ಚೆಂದರೆ ಆ ಬ್ರೌಸರಿನಲ್ಲೇ ಉಳಿದೀತು, ಇನ್ನೊಂದು ಉಪಕರಣಕ್ಕೆ ದಾಟದು.

ಸಂಜೆ ಮನೆಯಲ್ಲಿ ಅದೇ ಖಾತೆಯಿಂದ ಲ್ಯಾಪ್‌ಟಾಪಿನಲ್ಲಿ ಮುಖಪುಟ ತೆರೆದಾಗ, ತೋರಿಸಬೇಕಾದ ವಿಡಿಯೋಗಳ ಪಟ್ಟಿ ತಯಾರಿಸುವ ಸರ್ವರ್ ಅವುಗಳಲ್ಲಿ ಯಾವುದಕ್ಕೆ ದಾಖಲೆ ಇದೆ ಎಂದು ನೋಡುತ್ತದೆ. ದಾಖಲೆ ಇದ್ದುದಕ್ಕೆ ಶೀರ್ಷಿಕೆ, ಚಿತ್ರದ ವಿಳಾಸಗಳ ಜೊತೆಗೆ ಒಂದು ಚಿಕ್ಕ ಟಿಪ್ಪಣಿ ಸೇರುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಅದರ ರೂಪ ಇದು:

```
"thumbnailOverlayResumePlaybackRenderer": {
  "percentDurationWatched": 42
}
```

3000ಕ್ಕೆ 1260 ಎಂದರೆ ಶೇಕಡಾ 42. ಬ್ರೌಸರು ಥಂಬ್‌ನೇಲಿನ ಮೇಲೆ ಬೂದು ಬಣ್ಣದ ಒಂದು ಪಟ್ಟಿ ಇಟ್ಟು, ಅದರೊಳಗೆ ಶೇಕಡಾ 42 ಅಗಲದ ಕೆಂಪು ಪಟ್ಟಿ ಇಡುತ್ತದೆ. ಚಿತ್ರ 360 ಪಿಕ್ಸೆಲ್ ಅಗಲವಿದ್ದರೆ ಕೆಂಪು ಭಾಗ ಸುಮಾರು 151 ಪಿಕ್ಸೆಲ್. ಗೆರೆಗೆ ಈ ಒರಟು ಲೆಕ್ಕ ಸಾಕು. ಆದರೆ ಶೇಕಡಾ ಒಂದೆಂದರೆ ಈ ವಿಡಿಯೋದಲ್ಲಿ 30 ಸೆಕೆಂಡು, ಮತ್ತೆ ನೋಡಲು ಆರಂಭಿಸುವುದಕ್ಕೆ ಅದು ಸಾಲದು. ಹಾಗಾಗಿ ನಿಖರವಾದ ಸೆಕೆಂಡು ಬೇರೆಯಾಗಿ ಬರುತ್ತದೆ. ಕಂಪ್ಯೂಟರಿನಲ್ಲಿ ಅಂಥ ಥಂಬ್‌ನೇಲ್ ಒತ್ತಿದಾಗ ವಿಳಾಸದ ಕೊನೆಗೆ `&t=1260s` ಎಂಬ ಬಾಲ ಕಾಣುವುದು ಇದರಿಂದಲೇ.

ಎಡವಟ್ಟುಗಳ ಮೂಲವೂ ಈ ಹಂತಗಳಲ್ಲೇ ಇದೆ. ಬಸ್ಸು ಘಾಟಿಯಲ್ಲಿ ಹೋಗುತ್ತಾ 1230ನೇ ಸೆಕೆಂಡಿನ ಬಳಿಕ ಸಿಗ್ನಲ್ ಹೋಯಿತು, ಫೋನೂ ಆಫ್ ಆಯಿತು ಎಂದರೆ ಸರ್ವರಿಗೆ ತಿಳಿದಿರುವುದು 1230 ಮಾತ್ರ. ವಿಡಿಯೋ ಮುಂಚೆಯೇ ಒಂದಿಷ್ಟು ಇಳಿದು ಬಂದಿರುವುದರಿಂದ ಸಿಗ್ನಲ್ ಇಲ್ಲದೆಯೂ ಸ್ವಲ್ಪ ಹೊತ್ತು ಓಡುತ್ತದೆ, ವರದಿ ಮಾತ್ರ ದಾಟುವುದಿಲ್ಲ. ಮನೆಯಲ್ಲಿ ಗೆರೆ ಶೇಕಡಾ 41ಕ್ಕೆ ನಿಲ್ಲುತ್ತದೆ, ನೋಡಿದ ಅರ್ಧ ನಿಮಿಷ ಮತ್ತೆ ನೋಡಬೇಕಾಗುತ್ತದೆ. ಕೆಲವು ಸೆಕೆಂಡು ಹಿಂದಿನಿಂದ ಶುರುವಾದರೆ ಕಾರಣ ಸಾಮಾನ್ಯವಾಗಿ ಇದು.

ಹಲವು ನಿಮಿಷ ಹಿಂದಿನಿಂದ ಶುರುವಾದರೆ ಕಾರಣ ಬೇರೆ. ಗೆರೆ ಒಮ್ಮೆ ಎಳೆದ ಮೇಲೆ ತಾನಾಗಿ ಬೆಳೆಯುವುದಿಲ್ಲ, ಪಟ್ಟಿ ಇಳಿದು ಬಂದ ಹೊತ್ತಿನ ಸ್ಥಿತಿಯನ್ನೇ ತೋರಿಸುತ್ತಿರುತ್ತದೆ. ಬೆಳಿಗ್ಗೆ ಐದು ನಿಮಿಷ ನೋಡಿ, ಮುಖಪುಟವನ್ನು ಲ್ಯಾಪ್‌ಟಾಪಿನಲ್ಲಿ ಹಾಗೇ ತೆರೆದಿಟ್ಟು ಹೋದರೆ ಸಂಜೆಯೂ ಅಲ್ಲಿ ಕಾಣುವುದು ಶೇಕಡಾ ಹತ್ತರ ಗೆರೆಯೇ. ಒತ್ತಿದರೆ ಹಳೆಯ `&t=300s` ಬಾಲವೇ ಹೋಗುತ್ತದೆ, ಏಕೆಂದರೆ ವಿಳಾಸದಲ್ಲಿ ಬರೆದ ಸಮಯವೇ ಆರಂಭದ ಜಾಗವಾಗುತ್ತದೆ. ಮೊದಲು ಪುಟವನ್ನು ರಿಫ್ರೆಶ್ ಮಾಡಿದರೆ ಸಮಸ್ಯೆ ಇರುವುದಿಲ್ಲ.

ಗೆರೆ ತೋರಿಸುವುದು ಜಾಗವನ್ನೇ ಹೊರತು ನೋಡಿದ ಪ್ರಮಾಣವನ್ನಲ್ಲ ಎಂಬುದೂ ಗೊಂದಲಕ್ಕೆ ಕಾರಣ. ನೇರವಾಗಿ 45ನೇ ನಿಮಿಷಕ್ಕೆ ಹಾರಿ ಒಂದಿಷ್ಟು ನೋಡಿ ಮುಚ್ಚಿದರೆ, ಮೊದಲ ಮುಕ್ಕಾಲು ಗಂಟೆ ನೋಡದಿದ್ದರೂ ಗೆರೆ ಶೇಕಡಾ 90 ಆಗಿಬಿಡುತ್ತದೆ. ಪೂರ್ತಿ ಕೆಂಪಾದ ವಿಡಿಯೋ ಮಾತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಇನ್ನು ಹಜಾರದ ಟಿವಿ ಮನೆಯ ಹಿರಿಯರೊಬ್ಬರ ಖಾತೆಯಲ್ಲಿದ್ದರೆ ಮಕ್ಕಳು ನೋಡಿದ ಕಾರ್ಟೂನಿನ ಕೆಂಪು ಗೆರೆಗಳೆಲ್ಲ ಅವರ ಫೋನಿನಲ್ಲಿ ಬಂದು ಕೂರುತ್ತವೆ. ನೆಟ್‌ಫ್ಲಿಕ್ಸ್ ಒಂದೇ ಖಾತೆಯೊಳಗೆ ಬೇರೆ ಬೇರೆ ಪ್ರೊಫೈಲ್ ಕೊಟ್ಟು, ಪ್ರತಿ ಪ್ರೊಫೈಲಿಗೂ ನಿಲ್ಲಿಸಿದ ಜಾಗವನ್ನು ಪ್ರತ್ಯೇಕವಾಗಿ ಇಡುತ್ತದೆ. ಕೂಡುಕುಟುಂಬದ ಟಿವಿಗೆ ಇದು ಹೆಚ್ಚು ಹೊಂದುತ್ತದೆ.

ಗೆರೆ ಎಲ್ಲೂ ಬರುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಎರಡೂ ಕಡೆ ಖಾತೆ ಒಂದೇ ಇದೆಯೇ ಎಂಬುದನ್ನು, ಆಮೇಲೆ ವೀಕ್ಷಣಾ ಇತಿಹಾಸ ನಿಲ್ಲಿಸಲ್ಪಟ್ಟಿದೆಯೇ ಎಂಬುದನ್ನು. ಇತಿಹಾಸ ನಿಲ್ಲಿಸಿದ್ದರೆ ಅಥವಾ ಇನ್‌ಕಾಗ್ನಿಟೋದಲ್ಲಿ ನೋಡಿದ್ದರೆ ಹೊಸ ದಾಖಲೆ ಖಾತೆಗೆ ಸೇರುವುದಿಲ್ಲ. ಇತಿಹಾಸದ ಪಟ್ಟಿಯಿಂದ ಒಂದು ವಿಡಿಯೋವನ್ನು ತೆಗೆದುಹಾಕಿದರೆ, ಪಟ್ಟಿ ಹೊಸದಾಗಿ ಇಳಿದು ಬಂದಾಗ ಅದರ ಗೆರೆಯೂ ಇರುವುದಿಲ್ಲ. ಹಳೆಯ ದಾಖಲೆಗಳು 3, 18 ಅಥವಾ 36 ತಿಂಗಳಿಗೆ ತಾವಾಗಿ ಅಳಿಯುವಂತೆ ಗೂಗಲ್ ಖಾತೆಯ ಸೆಟ್ಟಿಂಗಿನಲ್ಲಿ ಆರಿಸಿಕೊಳ್ಳಬಹುದು.