ಟೈಮ್‌ಲೈನ್‌ನಲ್ಲಿ ಮುಗ್ಗರಿಸುವ ಮದುವೆ ವಿಡಿಯೋ

ಮದುವೆ ವಿಡಿಯೋ ಎಡಿಟ್ ಮಾಡುವ ಅನೇಕರಿಗೆ ಈ ಪೇಚು ಗೊತ್ತು. ಹಳೆಯ ಕ್ಯಾಮೆರಾದ 4ಕೆ ಕ್ಲಿಪ್‌ಗಳನ್ನು ಸಲೀಸಾಗಿ ಓಡಿಸುತ್ತಿದ್ದ ಲ್ಯಾಪ್‌ಟಾಪ್, ಹೊಸ ಕ್ಯಾಮೆರಾದ 10 ಬಿಟ್ ಕ್ಲಿಪ್ ಬಿದ್ದೊಡನೆ ಮುಗ್ಗರಿಸತೊಡಗುತ್ತದೆ. ಗಟ್ಟಿಮೇಳದ ಸದ್ದು ಮುಂದೆ ಹೋಗಿರುತ್ತದೆ, ತಾಳಿ ಕಟ್ಟುವ ಕೈ ಇನ್ನೂ ಅಲ್ಲೇ ನಿಂತಿರುತ್ತದೆ. ಎರಡೂ 4ಕೆ ತಾನೆ? ಹಾಗಾದರೆ ಹಾರ್ಡ್ ಡಿಸ್ಕೇ ನಿಧಾನವಿರಬೇಕು ಎಂಬ ಅನುಮಾನ ಮೊದಲು ಹುಟ್ಟುತ್ತದೆ.

ಲೆಕ್ಕ ಹಾಕಿದರೆ ಆ ಅನುಮಾನ ನಿಲ್ಲುವುದಿಲ್ಲ. 2017ರಲ್ಲಿ ಬಂದ ಪ್ಯಾನಸಾನಿಕ್ ಜಿಎಚ್5 ಕ್ಯಾಮೆರಾ 10 ಬಿಟ್ 4:2:2 ವಿಡಿಯೋವನ್ನು ಸೆಕೆಂಡಿಗೆ 150 ಮೆಗಾಬಿಟ್ ದರದಲ್ಲಿ ದಾಖಲಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 19 ಮೆಗಾಬೈಟ್. ಯುಎಸ್‌ಬಿ 3 ಕೇಬಲ್‌ನ ಸಾಮಾನ್ಯ ಹಾರ್ಡ್ ಡಿಸ್ಕ್ ಕೂಡ ಇದರ ಹಲವು ಪಟ್ಟು ವೇಗವಾಗಿ ಓದಬಲ್ಲದು. ತೊಡಕಿರುವುದು ಓದುವುದರಲ್ಲಲ್ಲ, ಓದಿದ್ದನ್ನು ಬಿಡಿಸುವುದರಲ್ಲಿ.

ಎಚ್.264 ಮತ್ತು ಎಚ್.265 ವಿಧಾನಗಳು ಜಾಗ ಉಳಿಸಲು ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಇಡುವುದಿಲ್ಲ. ಒಂದನ್ನು ಪೂರ್ಣವಾಗಿಟ್ಟು, ಉಳಿದವುಗಳಲ್ಲಿ ಬದಲಾದ ಭಾಗವನ್ನಷ್ಟೇ ಬರೆದಿಡುತ್ತವೆ. ಹಾಗಾಗಿ ಕರ್ಸರ್ ಎಲ್ಲೋ ನಡುವೆ ಇಟ್ಟರೂ ಹಿಂದಿನ ಹಲವು ಫ್ರೇಮ್‌ಗಳನ್ನು ಬಿಡಿಸಿಕೊಂಡು ಬರಬೇಕು. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದೊಂದಕ್ಕೆ ಸಿಗುವ ಕಾಲ 40 ಮಿಲಿಸೆಕೆಂಡ್. ಅದು ಮೀರಿದರೆ ಫ್ರೇಮ್ ಬಿಟ್ಟುಹೋಗುತ್ತದೆ. 8 ಬಿಟ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲುಗಳಿದ್ದರೆ 10 ಬಿಟ್‌ನಲ್ಲಿ 1024. ಜೊತೆಗೆ 4:2:2 ಎಂಬ ಮಾದರಿ, ಸಾಮಾನ್ಯ 4:2:0ಕ್ಕಿಂತ ಎರಡು ಪಟ್ಟು ಬಣ್ಣದ ಮಾಹಿತಿ ಹೊತ್ತಿರುತ್ತದೆ.

ಆದರೂ ಮುಖ್ಯ ಕಾರಣ ಈ ಹೆಚ್ಚುವರಿ ಭಾರವಲ್ಲ. ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್‌ನಲ್ಲಿ ವಿಡಿಯೋ ಬಿಡಿಸಲೆಂದೇ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಗೊತ್ತಿರುವುದು ತಯಾರಕರು ಕಲಿಸಿದ ಮಾದರಿಗಳು ಮಾತ್ರ. 8 ಬಿಟ್ 4:2:0 ಎಲ್ಲರಿಗೂ ಗೊತ್ತು. 10 ಬಿಟ್ 4:2:2 ಹಾಗಲ್ಲ: ಎನ್‌ವಿಡಿಯಾ ಕಾರ್ಡ್‌ಗಳಲ್ಲಿ 2025ರ ಆರ್‌ಟಿಎಕ್ಸ್ 50 ಸರಣಿ ಬರುವವರೆಗೂ ಅದಕ್ಕೆ ಬೆಂಬಲವಿರಲಿಲ್ಲ. ಇಂಟೆಲ್‌ನ 11ನೇ ಪೀಳಿಗೆಯ ಲ್ಯಾಪ್‌ಟಾಪ್ ಚಿಪ್‌ಗಳು ಎಚ್.265ನಲ್ಲಿ ಇದನ್ನು ಬಿಡಿಸುತ್ತವೆ, ಎಚ್.264ನಲ್ಲಿ ಬಿಡಿಸುವುದಿಲ್ಲ. ಸರ್ಕ್ಯೂಟ್ ಕೈಚೆಲ್ಲಿದರೆ ಇಡೀ ಕೆಲಸ ಸಿಪಿಯು ತಲೆಯ ಮೇಲೆ ಬೀಳುತ್ತದೆ. ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ತಡವರಿಸುವ ಕ್ಲಿಪ್, ಪಕ್ಕದ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ನೀಟಾಗಿ ಓಡುವ ವಿಚಿತ್ರ ಹೀಗೆ ಸಂಭವಿಸುತ್ತದೆ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. MediaInfo ಎಂಬ ಉಚಿತ ತಂತ್ರಾಂಶದಲ್ಲಿ ಕ್ಲಿಪ್ ತೆರೆದು Chroma subsampling ಮತ್ತು Bit depth ಸಾಲುಗಳನ್ನು ನೋಡಬೇಕು. ನಂತರ ವಿಡಿಯೋ ಓಡಿಸುತ್ತಾ ವಿಂಡೋಸ್‌ನ Task Manager ತೆರೆದು, ಅಲ್ಲಿ GPU ಕೆಳಗಿನ Video Decode ಗ್ರಾಫ್ ಗಮನಿಸಬೇಕು. ಅದು ಸೊನ್ನೆಯಲ್ಲೇ ಮಲಗಿದ್ದು ಸಿಪಿಯು ನೂರರ ಹತ್ತಿರ ಕುಣಿಯುತ್ತಿದ್ದರೆ ರೋಗ ಗೊತ್ತಾದಂತೆ.

ಪ್ರಿವ್ಯೂ ಗುಣಮಟ್ಟವನ್ನು ಅರ್ಧಕ್ಕೆ ಇಳಿಸುವ ಉಪಾಯ ಇಲ್ಲಿ ಅಷ್ಟಾಗಿ ಫಲಿಸದು. ಇಂಥ ಫೈಲ್‌ಗಳಲ್ಲಿ ಮೊದಲು ಫ್ರೇಮನ್ನು ಪೂರ್ಣ ಗಾತ್ರದಲ್ಲಿ ಬಿಡಿಸಿಯೇ ಆಮೇಲೆ ಚಿಕ್ಕದು ಮಾಡಬೇಕಾಗುತ್ತದೆ. ಪ್ರಾಕ್ಸಿ ಉಪಯೋಗಕ್ಕೆ ಬರುವುದು ಆಗ: ಮೂಲ ಕ್ಲಿಪ್‌ನ ಹಗುರ ಪ್ರತಿ. ಕತ್ತರಿ ಕೆಲಸವೆಲ್ಲ ಅದರ ಮೇಲೆ, ಕೊನೆಯ ಎಕ್ಸ್‌ಪೋರ್ಟ್ ಮೂಲದಿಂದ.

ಎರಡು ಕ್ಯಾಮೆರಾಗಳಲ್ಲಿ ತಲಾ ಎರಡು ಗಂಟೆ ಚಿತ್ರೀಕರಣವಾಗಿದೆ ಎನ್ನೋಣ. 150 ಮೆಗಾಬಿಟ್‌ನಂತೆ ಮೂಲ ಸುಮಾರು 270 ಜಿಬಿ. ಇದಕ್ಕೆ 1080ಪಿ ಗಾತ್ರದ ಪ್ರೋರೆಸ್ ಪ್ರಾಕ್ಸಿ ಮಾಡಿದರೆ ಸುಮಾರು 68 ಜಿಬಿ ಹೆಚ್ಚುವರಿ ಜಾಗ ಬೇಕು. ಅದರಲ್ಲಿ ಪ್ರತಿ ಫ್ರೇಮೂ ಸ್ವತಂತ್ರ, ಹಿಂದೆ ಮುಂದೆ ಎಳೆದಾಡಿದರೂ ತಡವರಿಸದು. ಎಚ್.264, 8 ಬಿಟ್, 10 ಮೆಗಾಬಿಟ್‌ನ ಪ್ರಾಕ್ಸಿಯಾದರೆ 18 ಜಿಬಿ ಸಾಕು. ಅದನ್ನು ಬಿಡಿಸಲು ಗ್ರಾಫಿಕ್ಸ್ ಚಿಪ್ ಒದಗುತ್ತದೆ. ಡಿಸ್ಕ್‌ನಲ್ಲಿ ಜಾಗವಿದ್ದು ಎರಡೂ ಕ್ಯಾಮೆರಾ ಒಟ್ಟಿಗೆ ಓಡಿಸಬೇಕಿದ್ದರೆ ಮೊದಲನೆಯದು, ಲ್ಯಾಪ್‌ಟಾಪ್‌ನ ಒಳಗಿನ ಚಿಕ್ಕ ಎಸ್‌ಎಸ್‌ಡಿಯೇ ಗತಿಯಾದರೆ ಎರಡನೆಯದು ಒಳ್ಳೆಯದು.

ಡಾವಿಂಚಿ ರಿಸಾಲ್ವ್‌ನಲ್ಲಿ ಕ್ಲಿಪ್‌ಗಳನ್ನು ಆಯ್ದು ರೈಟ್ ಕ್ಲಿಕ್ ಮಾಡಿ Generate Proxy Media ಒತ್ತಿದರೆ ಕೆಲಸ ಶುರು. ಮೂಲವನ್ನು ಒಮ್ಮೆ ಪೂರ್ತಿ ಬಿಡಿಸಲೇಬೇಕಾದ್ದರಿಂದ ರಾತ್ರಿ ಹಚ್ಚಿಟ್ಟು ಮಲಗುವುದು ವಾಸಿ. ಬೇರೆ ತಂತ್ರಾಂಶದಲ್ಲಿ ಪ್ರಾಕ್ಸಿ ಮಾಡುವವರು ಫ್ರೇಮ್ ದರ, ಟೈಮ್‌ಕೋಡ್, ಆಡಿಯೋ ಚಾನೆಲ್‌ಗಳ ಸಂಖ್ಯೆ ಮೂಲದಂತೆಯೇ ಇರುವಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಜೋಡಣೆ ಕೂಡದು, ಇಲ್ಲವೇ ಕತ್ತರಿಸಿದ ಜಾಗ ಸರಿದುಹೋಗುತ್ತದೆ.

ಫೋಕಸ್ ಸರಿಯಿದೆಯೇ, ಕತ್ತಲಲ್ಲಿ ನಾಯ್ಸ್ ಎಷ್ಟಿದೆ ಎಂಬುದನ್ನು ಪ್ರಾಕ್ಸಿಯಲ್ಲಿ ನೋಡಿ ತೀರ್ಮಾನಿಸಬಾರದು. ಬಣ್ಣ ತಿದ್ದುವಾಗ ಮೂಲಕ್ಕೆ ಮರಳುವುದು ಕ್ಷೇಮ, 10 ಬಿಟ್‌ನಲ್ಲಿ ಚಿತ್ರೀಕರಿಸಿದ್ದೇ ಅದಕ್ಕಾಗಿ. ನಾಯ್ಸ್ ರಿಡಕ್ಷನ್‌ನಂಥ ಭಾರದ ಎಫೆಕ್ಟ್ ಹಾಕಿದ ಕಡೆ ಪ್ರಾಕ್ಸಿ ಇದ್ದರೂ ವಿಡಿಯೋ ಮುಗ್ಗರಿಸಬಹುದು. ಅಂಥ ಕ್ಲಿಪ್‌ಗಳಿಗೆ ರೆಂಡರ್ ಕ್ಯಾಶ್ ಬಳಸಬೇಕಾಗುತ್ತದೆ.